ಬೆಲ್ಲದ ಶೆಡ್‌ಗೆ ಲೋಡ್ ಕಾಂಬಿನೇಷನ್: ಎಲ್ಲದಕ್ಕೂ 1.5 ಹಾಕಿದರೆ ಸಾಲದಾ?

ಪುನೀತ್, ಕೆ.ಎಂ.ದೊಡ್ಡಿ

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಮುಗಿಸಿ ಮಂಡ್ಯದಲ್ಲಿ ಒಬ್ಬರ ಹತ್ತಿರ ಸೈಟ್ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಆಲೆಮನೆ ಪಕ್ಕ ಬೆಲ್ಲ ಇಡೋಕೆ ಒಂದು ಶೆಡ್ ಆಗಬೇಕು. ಗದ್ದೆ ಮಧ್ಯೆ ಬಯಲು ಜಾಗ. ಅಗಲ 6 ಮೀಟರ್, 4 ಮೀಟರ್‌ಗೆ ಒಂದು ಟ್ರಸ್, ಸೂರಿನ ಎತ್ತರ 3 ಮೀಟರ್. ಎರಡು ಕಡೆ ಇಳಿಜಾರು, 10 ಡಿಗ್ರಿ. ಮೇಲೂ ಶೀಟು, ಪಕ್ಕಕ್ಕೂ ಶೀಟು. ಮುಂದೆ ಒಂದು ರೋಲಿಂಗ್ ಶಟರ್.

ಒಂದು ಕಂಬದ ಪಾಲಿಗೆ 12 ಚದರ ಮೀಟರ್ ಚಾವಣಿ ಬರುತ್ತೆ. ಶೀಟು, ಪರ್ಲಿನ್, ಟ್ರಸ್ ಎಲ್ಲ ಸೇರಿ ಚದರ ಮೀಟರ್‌ಗೆ 0.2 ಕಿಲೋನ್ಯೂಟನ್ ಅಂತ ಹಿಡಿದರೆ ಡೆಡ್ ಲೋಡ್ 2.4. ಜನ ಹತ್ತದ ಚಾವಣಿ, ಹಾಗಾಗಿ ಲೈವ್ ಲೋಡ್ 0.75, ಒಟ್ಟು 9. ಎರಡಕ್ಕೂ 1.5 ಹಾಕಿದೆ, 17.1 ಕಿಲೋನ್ಯೂಟನ್ ಬಂತು. ಇಷ್ಟು ಭಾರಕ್ಕೆ ಏನೂ ಬೇಡ ಅಂತ ಕಂಬದ ಕೆಳಗೆ 45 ಸೆಂ.ಮೀ. ಚೌಕ, 60 ಸೆಂ.ಮೀ. ಆಳದ ಕಾಂಕ್ರೀಟ್ ಗಡ್ಡೆ ಸಾಕು ಅಂತ ಸ್ಕೆಚ್ ಆಗಿದೆ.

ನನ್ನ ಸ್ನೇಹಿತ ನೋಡಿ "0.9 ಕಾಂಬಿನೇಷನ್ ಎಲ್ಲೋ?" ಅಂದ. 1.5ಗಿಂತ 0.9 ಕಮ್ಮಿ ಅಲ್ವಾ? ಕಮ್ಮಿ ಹಾಕಿ ಡಿಸೈನ್ ಮಾಡಿದರೆ ಅದು ಸೇಫ್ ಹೇಗೆ ಆಗುತ್ತೆ?

ನಂಜುಂಡಸ್ವಾಮಿ, ಮದ್ದೂರು

ತಮ್ಮಾ, ಇಪ್ಪತ್ತು ವರ್ಷದಿಂದ ಕಟ್ಟಿಸ್ತಾ ಇದ್ದೀನಿ. ಎಲ್ಲಕ್ಕೂ 1.5 ಹಾಕು, ಅದಕ್ಕಿಂತ ದೊಡ್ಡದು ಯಾವುದೂ ಬರಲ್ಲ. 1.2 ಬರೋದು ಮೂರು ಲೋಡ್ ಒಟ್ಟಿಗೆ ಇದ್ದಾಗ, ಅದು ಯಾವಾಗಲೂ ಕಡಿಮೆನೇ ಇರುತ್ತೆ. 0.9 ಎಲ್ಲ ಚಿಮಣಿ, ನೀರಿನ ಟ್ಯಾಂಕ್ ಮಾಡೋರಿಗೆ. ಭೂಕಂಪ ಅಂತೂ ಬಿಟ್ಟುಬಿಡು, ನಮ್ಮದು ಝೋನ್ 2.

ಚಿಕ್ಕಣ್ಣ, ಮಳವಳ್ಳಿ

ನಮ್ಮ ಪಂಪ್‌ಸೆಟ್‌ಗೂ ಲೋಡ್ ಜಾಸ್ತಿ ಮಾಡಿಸಬೇಕಿತ್ತು. 5 ಎಚ್‌ಪಿ ಇಂದ 7.5ಗೆ. ಅದಕ್ಕೆ ಅರ್ಜಿ ಎಲ್ಲಿ ಕೊಡಬೇಕು?

ಪುನೀತ್, ಕೆ.ಎಂ.ದೊಡ್ಡಿ

ಚಿಕ್ಕಣ್ಣ, ಇದು ಕರೆಂಟ್ ಲೋಡ್ ಅಲ್ಲ, ಕಟ್ಟಡದ ಮೇಲೆ ಬೀಳೋ ಭಾರ. ನಿಮ್ಮದಕ್ಕೆ ಸೆಸ್ಕ್ ಆಫೀಸಿನಲ್ಲಿ ಕೇಳಿ.

ವಸುಧಾ, ಸರಸ್ವತಿಪುರಂ

ಪುನೀತ್, ನಿಮ್ಮ ಲೆಕ್ಕದಲ್ಲಿ ಗಾಳಿನೇ ಇಲ್ಲ. ಶೀಟಿನ ಶೆಡ್‌ಗೆ ಗಾಳಿ ಬಿಟ್ಟರೆ ಮಿಕ್ಕಿದ್ದು ಏನೂ ಉಳಿಯಲ್ಲ. ಮೊದಲು ಅದನ್ನ ಸೇರಿಸೋಣ, 0.9 ತಾನಾಗೇ ಅರ್ಥವಾಗುತ್ತೆ.

ಐಎಸ್ 875 ಭಾಗ 3ರಲ್ಲಿ ನಮ್ಮ ಕಡೆಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಬಯಲು ಜಾಗ, 10 ಮೀಟರ್‌ಗಿಂತ ಕಮ್ಮಿ ಎತ್ತರ, ಹಾಗಾಗಿ ಗುಣಕಗಳೆಲ್ಲ 1 ಅಂತಲೇ ಇಟ್ಟುಕೊಳ್ಳಿ. ಒತ್ತಡ `0.6 × 33²`, ಅಂದರೆ ಚದರ ಮೀಟರ್‌ಗೆ 653 ನ್ಯೂಟನ್. 0.65 ಕಿಲೋನ್ಯೂಟನ್ ಅನ್ನಿ.

ಈಗ ಮುಖ್ಯ ವಿಷಯ. 10 ಡಿಗ್ರಿ ಇಳಿಜಾರಿನ ಚಾವಣಿಯನ್ನ ಗಾಳಿ ಕೆಳಕ್ಕೆ ಒತ್ತಲ್ಲ, ಮೇಲಕ್ಕೆ ಎಳೆಯುತ್ತೆ. ಗಾಳಿ ಬರೋ ಕಡೆಯ ಇಳಿಜಾರಿಗೆ ಕೋಷ್ಟಕದಲ್ಲಿ −1.2, ಆ ಕಡೆಯದಕ್ಕೆ −0.4. ಅದರ ಜೊತೆ ಶಟರ್ ಸಂದಿಯಿಂದ, ಶೀಟಿನ ಸಂದಿಯಿಂದ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದ ನೂಕುತ್ತೆ. ಅದಕ್ಕೆ 0.5 ಹಿಡಿದಿದ್ದೇನೆ. ಎರಡೂ ಸೇರಿ ಒಂದು ಕಡೆ 1.7, ಇನ್ನೊಂದು ಕಡೆ 0.9. ಟ್ರಸ್‌ನ ರಿಯಾಕ್ಷನ್ ತೆಗೆದರೆ ಗಾಳಿ ಕಡೆಯ ಕಂಬಕ್ಕೆ ಮೇಲ್ಮುಖವಾಗಿ ಸುಮಾರು 11.8 ಕಿಲೋನ್ಯೂಟನ್.

ನಿಮ್ಮ ಚಾವಣಿಯ ತೂಕ 2.4. ಗಾಳಿಯ ಎಳೆತ 11.8. ಯಾವ ಫ್ಯಾಕ್ಟರೂ ಹಾಕದೆ ಹಾಗೇ ನೋಡಿದರೂ ಶೆಡ್ ಮೇಲಕ್ಕೇ ಹೋಗುತ್ತೆ. ನಿಮ್ಮ ಗಡ್ಡೆಯ ತೂಕ ಎಷ್ಟು ಅಂತ ಲೆಕ್ಕ ಹಾಕಿದ್ದೀರಾ?

ಪುನೀತ್, ಕೆ.ಎಂ.ದೊಡ್ಡಿ

`0.45 × 0.45 × 0.6 × 24` = 2.9 ಕಿಲೋನ್ಯೂಟನ್ ಮೇಡಂ. ಚಾವಣಿ ಜೊತೆ ಸೇರಿಸಿದರೂ 5.3. ಅಯ್ಯೋ.

ವಸುಧಾ, ಸರಸ್ವತಿಪುರಂ

ಅಷ್ಟೇ. ಈಗ ನಾಲ್ಕು ಕಾಂಬಿನೇಷನ್ ಹಾಕಿ ನೋಡಿ. ಕೆಳಕ್ಕೆ ಪ್ಲಸ್, ಮೇಲಕ್ಕೆ ಮೈನಸ್.

`1.5(DL + LL)` = 1.5 × (2.4 + 9) = +17.1
`1.2(DL + LL + WL)` = 1.2 × (2.4 + 9 − 11.8) = −0.5
`1.5(DL + WL)` = 1.5 × (2.4 − 11.8) = −14.1
`0.9DL + 1.5WL` = 2.16 − 17.7 = −15.5

ಮೊದಲನೆಯದು ಕಂಬವನ್ನ ಒತ್ತುತ್ತೆ. ಕೊನೆಯದು ಕಂಬವನ್ನ ನೆಲದಿಂದ ಕೀಳುತ್ತೆ. ಇವೆರಡೂ ಬೇರೆ ಬೇರೆ ಕೆಲಸ. 17.1 ದೊಡ್ಡ ಸಂಖ್ಯೆ ಅಂತ ಅದೊಂದನ್ನೇ ನೋಡಿದರೆ ಪಾಯ ತಪ್ಪುತ್ತೆ.

ನೀವು ಕೇಳಿದ್ದಕ್ಕೆ ಉತ್ತರ ಇಲ್ಲೇ ಇದೆ. ತೂಕ ನಮಗೆ ತೊಂದರೆ ಕೊಡುವಾಗ ಅದನ್ನ ಜಾಸ್ತಿ ಮಾಡಿ 1.5 ಹಿಡೀತೀವಿ. ಅದೇ ತೂಕ ನಮ್ಮನ್ನ ಕಾಪಾಡುವಾಗ ಅದನ್ನ ಕಮ್ಮಿ ಮಾಡಿ 0.9 ಹಿಡೀತೀವಿ. ಡ್ರಾಯಿಂಗ್‌ನಲ್ಲಿ 0.5 ಮಿ.ಮೀ. ಶೀಟು ಅಂತ ಬರೆದಿರುತ್ತೆ, ಸೈಟಿಗೆ 0.4 ಬರುತ್ತೆ. ಭಾರ ಇಳಿಯಿತು ಅಂತ ಖುಷಿ ಪಡೋ ಹಾಗಿಲ್ಲ, ಕೆಳಗೆ ಹಿಡಿದಿಡೋದೇ ಅದು. ಲೈವ್ ಲೋಡ್ ಈ ಸಾಲಿನಲ್ಲಿ ಬರದೇ ಇರೋದೂ ಅದಕ್ಕೇ. ಗಾಳಿ ಬೀಸೋ ಹೊತ್ತಿನಲ್ಲಿ ಚಾವಣಿ ಮೇಲೆ ಯಾರೂ ಕೂತಿರಲ್ಲ.

ನಂಜುಂಡಸ್ವಾಮಿ, ಮದ್ದೂರು

ಮೇಡಂ, 14.1ಕ್ಕೂ 15.5ಕ್ಕೂ ಎಷ್ಟು ವ್ಯತ್ಯಾಸ? `1.5(DL + WL)` ನೋಡಿದರೆ ಸಾಕಿತ್ತಲ್ಲ. ಸುಮ್ನೆ ಒಂದು ಸಾಲು ಜಾಸ್ತಿ.

ವಸುಧಾ, ಸರಸ್ವತಿಪುರಂ

ಈ ಶೆಡ್‌ಗೆ ವ್ಯತ್ಯಾಸ ಕಮ್ಮಿ, ಒಪ್ಪುತ್ತೇನೆ. ಡೆಡ್ ಲೋಡೇ ಇಲ್ಲದ ಹಾಗಿದೆ, ಹಾಗಾಗಿ 0.9 ಹಾಕಿದರೂ 1.5 ಹಾಕಿದರೂ ಅಷ್ಟೇ. ಆದರೆ ಅದೇ ಶೆಡ್‌ಗೆ ಶೀಟಿನ ಬದಲು ಮಂಗಳೂರು ಹೆಂಚು ಹಾಕಿದರು ಅನ್ನಿ. ಹೆಂಚು, ರೀಪು, ಕಬ್ಬಿಣ ಸೇರಿ ಚದರ ಮೀಟರ್‌ಗೆ 0.8 ಹಿಡಿದರೆ ಕಂಬಕ್ಕೆ 9.6 ಬರುತ್ತೆ. ಗಾಳಿ ಅದೇ 11.8.

`1.5(DL + WL)` = 1.5 × (9.6 − 11.8) = −3.3
`0.9DL + 1.5WL` = 8.64 − 17.7 = −9.1

ಈಗ ಹೇಳಿ, 3.3ಕ್ಕೂ 9.1ಕ್ಕೂ ಎಷ್ಟು? ಹೆಚ್ಚುಕಮ್ಮಿ ಮೂರು ಪಟ್ಟು. ತೂಕವೂ ಎಳೆತವೂ ಹತ್ತಿರ ಹತ್ತಿರ ಇದ್ದಾಗ 1.5 ಹಾಕಿದ ತೂಕ ಗಾಳಿಯನ್ನ ನುಂಗಿಬಿಡುತ್ತೆ, ಪೇಪರ್ ಮೇಲೆ ಎಲ್ಲ ಚೆನ್ನಾಗಿ ಕಾಣುತ್ತೆ. 0.9 ಇರೋದೇ ಅಂಥ ಕಡೆಗೆ.

ನಿಮ್ಮ ಮಾತು ಸ್ಲ್ಯಾಬಿನ ಮಟ್ಟಿಗೆ ಸರಿ. ಮಾಮೂಲಿ ಮನೆಯ ಸ್ಲ್ಯಾಬಿಗೆ `1.5(DL + LL)` ಬಿಟ್ಟು ಬೇರೇನೂ ಗೆಲ್ಲಲ್ಲ. ಬಲದ ದಿಕ್ಕು ತಿರುಗುವ ಕಡೆ ಮಾತ್ರ ಅದು ಕೈ ಕೊಡುತ್ತೆ.

ರವಿ, ಪಾಂಡವಪುರ

ನಾನು ಎಂಜಿನಿಯರ್ ಅಲ್ಲ, ಟ್ರ್ಯಾಕ್ಟರ್ ನಿಲ್ಲಿಸೋಕೆ ಇಂಥದ್ದೇ ಒಂದು ಶೆಡ್ ಹಾಕಿಸಿದ್ದೆ. ಹೋದ ಬೇಸಿಗೆ ಮಳೆಗೆ ಮುಂಚೆ ಗಾಳಿ ಎದ್ದಾಗ ಮೂಲೆಯ ಎರಡು ಶೀಟು ಕಿತ್ತು ಪಕ್ಕದವರ ಕಬ್ಬಿನ ಗದ್ದೆಗೆ ಬಿದ್ದವು. ಕಂಬ, ಪಾಯ ಎಲ್ಲ ಗಟ್ಟಿಯಾಗಿ ನಿಂತಿವೆ. ನನ್ನ ಪಾಯವೂ ಒಂದೂವರೆ ಅಡಿ ಗಡ್ಡೆನೇ. ಅಂದಮೇಲೆ ಪಾಯ ಸಾಕು ಅಂತ ಆಯ್ತಲ್ಲ? ಈಗ ಶೀಟಿನ ಮೇಲೆ ಮರಳು ಚೀಲ ಇಟ್ಟಿದ್ದೀನಿ.

ವಸುಧಾ, ಸರಸ್ವತಿಪುರಂ

ರವಿಯವರೇ, ಶೀಟು ಮೊದಲು ಹೋಗಿದ್ದಕ್ಕೇ ಪಾಯ ಉಳಿದಿದೆ. ಶೀಟು ಕಿತ್ತು ಹೋದ ಮೇಲೆ ಎಳೆಯೋಕೆ ಚಾವಣಿನೇ ಇಲ್ಲವಲ್ಲ. ಮೂಲೆಯಲ್ಲಿ, ಸೂರಿನ ಅಂಚಿನಲ್ಲಿ, ಎರಡು ಇಳಿಜಾರು ಕೂಡೋ ಗೆರೆ ಹತ್ತಿರ ಎಳೆತ ಮಧ್ಯಕ್ಕಿಂತ ಜಾಸ್ತಿ. ಕೋಡ್‌ನಲ್ಲಿ ಆ ಪಟ್ಟಿಗೆ ಬೇರೆ ಸಂಖ್ಯೆನೇ ಕೊಟ್ಟಿದ್ದಾರೆ. ಉಳಿದ ಶೀಟುಗಳಲ್ಲಿ ಸ್ಕ್ರೂ ತೂತು ಉದ್ದಕ್ಕೆ ಸೀಳಿದೆಯಾ, ವಾಷರ್ ಸುತ್ತ ಶೀಟು ಗುಳಿ ಬಿದ್ದಿದೆಯಾ ನೋಡಿ. ಹಾಗಿದ್ದರೆ ಮುಂದಿನ ಸಲ ಹೋಗೋದು ಅವೇ.

ಮರಳು ಚೀಲದ ಲೆಕ್ಕ ನೀವೇ ನೋಡಿ. ಚಾವಣಿ ಮಧ್ಯದ ಎಳೆತವೇ ಚದರ ಮೀಟರ್‌ಗೆ 1.1 ಕಿಲೋನ್ಯೂಟನ್, ಅಂದರೆ 110 ಕೆ.ಜಿ. ಮೇಲೆ. 25 ಕೆ.ಜಿ. ಚೀಲವಾದರೆ ಪ್ರತಿ ಚದರ ಮೀಟರ್‌ಗೆ ನಾಲ್ಕೈದು ಬೇಕು. ಅಷ್ಟು ಇಟ್ಟರೆ ಗಾಳಿ ಇಲ್ಲದ ದಿನ ಪರ್ಲಿನ್ ಬಗ್ಗುತ್ತೆ. ನಾಲ್ಕು ಚೀಲ ಅಲ್ಲೊಂದು ಇಲ್ಲೊಂದು ಇಟ್ಟರೆ ಅವು ಶೀಟಿನ ಜೊತೆ ಹಾರುತ್ತವೆ. ಅಂಚಿನ ಪರ್ಲಿನ್ ಮೇಲೆ ಪ್ರತಿ ಉಬ್ಬಿಗೂ ಒಂದು ಸ್ಕ್ರೂ ಹಾಕಿಸಿ.

ಅಕ್ಷತಾ, ಕುವೆಂಪುನಗರ

ನಾನು ಮೈಸೂರಿನಲ್ಲಿ ಎಂ.ಟೆಕ್ ಓದುತ್ತಿದ್ದೇನೆ. ಇಲ್ಲಿ ಎರಡು ಅನುಮಾನ.

ಒಂದು, ಪಾಯ ಮೇಲೇಳದ ಹಾಗೆ ನೋಡೋಕೆ ಐಎಸ್ 456ರ ಕೋಷ್ಟಕ 18 ಬಳಸಬೇಕಾ, ಇಲ್ಲ 20.1ನೇ ಕಲಮಾ? 20.1ರಲ್ಲಿ ಉರುಳಿಸುವ ಡೆಡ್ ಲೋಡ್‌ಗೆ 1.2, ಬೇರೆ ಲೋಡ್‌ಗೆ 1.4, ಹಿಡಿದಿಡುವ ತೂಕಕ್ಕೆ 0.9. ಕೋಷ್ಟಕದಲ್ಲಿ ಗಾಳಿಗೆ 1.5. ಎರಡೂ ಒಂದೇ ಅಲ್ಲ.

ಇನ್ನೊಂದು, ಭೂಕಂಪ. ಝೋನ್ 2 ಅಂದರೆ ಬಿಡಬಹುದು ಅಂತ ಮೇಲೆ ಬರೆದಿದ್ದಾರೆ. ನಮ್ಮ ಪ್ರಾಜೆಕ್ಟಿನ ನಾಲ್ಕು ಅಂತಸ್ತಿನ ಮನೆಗೆ ಅದು ಗಾಳಿಗಿಂತ ಜಾಸ್ತಿನೇ ಬರುತ್ತಿದೆ.

ನಂಜುಂಡಸ್ವಾಮಿ, ಮದ್ದೂರು

ಝೋನ್ 2ರಲ್ಲಿ ಭೂಕಂಪ ಗಾಳಿಗಿಂತ ಜಾಸ್ತಿನಾ? ಸಾಫ್ಟ್‌ವೇರ್‌ನಲ್ಲಿ ಏನೋ ತಪ್ಪು ಕೊಟ್ಟಿರ್ತೀಯ ನೋಡಮ್ಮ.

ವಸುಧಾ, ಸರಸ್ವತಿಪುರಂ

ತಪ್ಪಿಲ್ಲ ಸರ್. ಗಾಳಿ ಮೈ ನೋಡುತ್ತೆ, ಭೂಕಂಪ ತೂಕ ನೋಡುತ್ತೆ.

ಐಎಸ್ 1893ರ 2016ರ ಆವೃತ್ತಿಯಲ್ಲಿ ಝೋನ್ 2ಕ್ಕೆ 0.10. ಮಾಮೂಲಿ ಫ್ರೇಮ್, R ಬೆಲೆ 3, ಗಿಡ್ಡ ಕಟ್ಟಡ ಅಂತ ಹಿಡಿದರೆ

`Ah = (0.10/2) × (1/3) × 2.5` = 0.042

ಅಂದರೆ ತೂಕದ ಶೇಕಡಾ 4ರಷ್ಟು ಅಡ್ಡ ಬಲ. ಪುನೀತ್ ಶೆಡ್‌ಗೆ ಒಂದು ಕಂಬದ ಪಾಲು 2.4, ಅದರ ಶೇ. 4 ಅಂದರೆ 0.1 ಕಿಲೋನ್ಯೂಟನ್. ಒಬ್ಬ ಹುಡುಗ ಒಂದು ಕೈಲಿ ತಳ್ಳೋ ಅಷ್ಟು. ಹಾಗಾಗಿ ಶೆಡ್‌ಗೆ ನೀವು ಹೇಳಿದ ಉತ್ತರ ಸರಿ, ಕಾರಣ ಮಾತ್ರ ಝೋನ್ ಅಲ್ಲ, ಶೆಡ್ ಹಗುರ ಇರೋದು.

ಅಕ್ಷತಾ ಕಟ್ಟಡ 12 ಮೀಟರ್‌ಗೆ 15 ಮೀಟರ್ ಇದೆ ಅನ್ನಿ, ನಾಲ್ಕು ಮಟ್ಟ. ಇಟ್ಟಿಗೆ ಗೋಡೆ ಸೇರಿ ಪ್ರತಿ ಮಟ್ಟಕ್ಕೂ ಚದರ ಮೀಟರ್‌ಗೆ 12 ಕಿಲೋನ್ಯೂಟನ್ ಹಿಡಿದರೆ ಒಟ್ಟು ತೂಕ 8,600 ದಾಟುತ್ತೆ. ಅದಕ್ಕೆ 0.042 ಹಾಕಿದರೆ ಸುಮಾರು 360. ಅದೇ ಕಟ್ಟಡದ ಉದ್ದನೆ ಮುಖಕ್ಕೆ ಗಾಳಿ ಬೀಸಿದರೆ 150ರ ಆಸುಪಾಸು. ನಮ್ಮ ಊರಿನ ಇಟ್ಟಿಗೆ ಮನೆಗಳಿಗೆ ಗಾಳಿಗಿಂತ ಭೂಕಂಪವೇ ಮುಂದೆ. ಎರಡನ್ನೂ ಒಟ್ಟಿಗೆ ಮಾತ್ರ ಸೇರಿಸಬೇಡಿ. ಜೋರು ಗಾಳಿಯೂ ಭೂಕಂಪವೂ ಒಂದೇ ಹೊತ್ತಿಗೆ ಬರಲ್ಲ ಅಂತ ಕೋಡೇ ಹಿಡಿಯುತ್ತೆ. `WL` ಇರೋ ಕಡೆ `EL` ಇಟ್ಟು ಅದೇ 1.2, 1.5, 0.9 ಬಳಸಿ. ಎರಡು ದಿಕ್ಕಿಗೆ, ಪ್ಲಸ್ ಮೈನಸ್ ಎರಡಕ್ಕೂ.

ಒಂದು ಎಚ್ಚರಿಕೆ. ಭೂಕಂಪಕ್ಕೆ ತೂಕ ಲೆಕ್ಕ ಹಾಕುವಾಗ ಮಹಡಿಯ ಲೈವ್ ಲೋಡ್‌ನಲ್ಲಿ ಕಾಲು ಭಾಗ ಮಾತ್ರ ತಗೋಬೇಕು, ಅದೂ ಚದರ ಮೀಟರ್‌ಗೆ 3 ಕಿಲೋನ್ಯೂಟನ್‌ವರೆಗಿನದಕ್ಕೆ. ಅದಕ್ಕಿಂತ ಜಾಸ್ತಿ ಇದ್ದರೆ ಅರ್ಧ. ತಾರಸಿಯ ಲೈವ್ ಲೋಡ್ ಬೇಡ. ಆದರೆ `1.2(DL + LL + EL)` ಸಾಲಿನ `LL` ಪೂರ್ತಿ ಲೈವ್ ಲೋಡು. ಕಾಲು ಭಾಗ ಹಿಡಿಯೋದು ಅಡ್ಡ ಬಲ ಹುಡುಕೋಕೆ, ಕಂಬದ ಭಾರ ಕೂಡೋಕೆ ಅಲ್ಲ. ಇವೆರಡನ್ನ ಕಲಸಿಕೊಂಡ ರಿಪೋರ್ಟ್ ನನ್ನ ಟೇಬಲ್ಲಿಗೆ ಬರ್ತಾನೇ ಇರುತ್ತೆ.

20.1ರ ವಿಷಯ ಕೊನೆಗೆ ಬರೀತೀನಿ.

ಅಕ್ಷತಾ, ಕುವೆಂಪುನಗರ

ಥ್ಯಾಂಕ್ಸ್ ಮೇಡಂ. ನಮ್ಮ ಕಟ್ಟಡದ ಮೂಲೆ ಕಂಬಗಳಿಗೆ ಜಾಸ್ತಿ ಕಬ್ಬಿಣ ಕೇಳಿದ್ದು `0.9DL + 1.5EL`. ಆ ಸಾಲಿನಲ್ಲಿ ಕಂಬದ ಭಾರ ಎಲ್ಲಕ್ಕಿಂತ ಕಮ್ಮಿ ಇತ್ತು. ಭಾರ ಕಮ್ಮಿ, ಕಬ್ಬಿಣ ಜಾಸ್ತಿ ಹೇಗೆ ಅಂತ ಗೈಡ್ ಕೇಳಿದಾಗ ತಡವರಿಸಿದೆ.

ವಸುಧಾ, ಸರಸ್ವತಿಪುರಂ

ಮೂಲೆ ಕಂಬಕ್ಕೆ ಮೊದಲೇ ಭಾರ ಕಮ್ಮಿ, ಬಾಗಿಸುವ ಮೊಮೆಂಟ್ ಜಾಸ್ತಿ. ಅಂಥ ಕಂಬದಲ್ಲಿ ಮೇಲಿನ ಭಾರ ಒಂದು ಮಟ್ಟದವರೆಗೆ ಬಿರುಕನ್ನ ಅದುಮಿ ಹಿಡಿದಿರುತ್ತೆ. ಭಾರ ತೆಗೆದರೆ ಒಂದು ಬದಿಯ ಎಳೆತ ಪೂರ್ತಿ ಕಬ್ಬಿಣದ ಮೇಲೇ ಬೀಳುತ್ತೆ. ಇಂಟರಾಕ್ಷನ್ ಕರ್ವ್‌ನಲ್ಲಿ ಬ್ಯಾಲೆನ್ಸ್ ಬಿಂದುವಿನ ಕೆಳಗೆ ನಿಮ್ಮ ಚುಕ್ಕೆ ಬಿದ್ದಿರುತ್ತೆ, ತೆಗೆದು ನೋಡಿ. ಒಳಗಿನ ಕಂಬಗಳಿಗೆ ಇದು ಅಷ್ಟಾಗಿ ಬರಲ್ಲ.

ಪುನೀತ್, ಕೆ.ಎಂ.ದೊಡ್ಡಿ

ಮೇಡಂ, ನಮ್ಮಲ್ಲಿ ಸ್ಟಾಡ್ ಫೈಲ್ ಇದೆ. ಗಾಳಿ ಕೇಸ್ 3. ಹೀಗೆ ಸೇರಿಸಿದೆ, ಸರಿನಾ?

```
LOAD COMB 101 1.5(DL+LL)
1 1.5 2 1.5
LOAD COMB 102 1.2(DL+LL+WL)
1 1.2 2 1.2 3 1.2
LOAD COMB 103 1.5(DL+WL)
1 1.5 3 1.5
LOAD COMB 104 0.9DL+1.5WL
1 0.9 3 1.5
```

ಪಾಯಕ್ಕೆ 1 ಮೀಟರ್ ಚೌಕ, 30 ಸೆಂ.ಮೀ. ದಪ್ಪದ ಫುಟಿಂಗ್ ಹಾಕಿ ಮೇಲೆ 70 ಸೆಂ.ಮೀ. ಮಣ್ಣು ತುಂಬಿದರೆ? ಕಾಂಕ್ರೀಟ್ 7.5, ಗಿಡ್ಡ ಕಂಬ 1.6, ಮಣ್ಣು ಘನ ಮೀಟರ್‌ಗೆ 18ರಂತೆ 11.5. ಒಟ್ಟು 20.6. ಅದರ 0.9 ಅಂದರೆ 18.5. ಬೇಕಾಗಿರೋದು 15.5.

ವಸುಧಾ, ಸರಸ್ವತಿಪುರಂ

ಕೇಸ್ 3ರಲ್ಲಿ ಚಾವಣಿ ಬಲ ಮೇಲ್ಮುಖವಾಗಿ ಹೋಗಿದೆಯಾ ಅಂತ ಮೊದಲು ನೋಡಿ. ಬರೀ ಕೇಸ್ 3ರ ಸಪೋರ್ಟ್ ರಿಯಾಕ್ಷನ್ ತೆಗೆಯಿರಿ, ಕಂಬ ಕೆಳಕ್ಕೆ ಒತ್ತುತ್ತಿದೆ ಅಂತ ತೋರಿಸಿದರೆ ಚಿಹ್ನೆ ಉಲ್ಟಾ ಆಗಿದೆ. ಆಗ 104 ಹಾಕಿದ್ದೂ ದಂಡ. ಗಾಳಿ ಇನ್ನೊಂದು ದಿಕ್ಕಿನಿಂದ ಬಂದರೆ ಅದಕ್ಕೆ ಬೇರೆ ಕೇಸ್ ಬೇಕು. ಮತ್ತೆ ಇವೆಲ್ಲ ಬಲ ನೋಡೋಕೆ. ಮಣ್ಣಿನ ಮೇಲಿನ ಒತ್ತಡ ನೋಡಿ ಫುಟಿಂಗ್ ಅಳತೆ ಮಾಡುವಾಗ ಫ್ಯಾಕ್ಟರ್ ಹಾಕದ ಲೋಡ್ ಬಳಸಿ.

ನಿಮ್ಮ ಫುಟಿಂಗ್ ಒಣ ನೆಲಕ್ಕೆ ಸಾಕು. ಆದರೆ ಕೆ.ಎಂ.ದೊಡ್ಡಿ ಕಡೆ ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆಯಲ್ಲಿ ನೀರು ಎಲ್ಲಿಗೆ ಬರುತ್ತೆ?

ಪುನೀತ್, ಕೆ.ಎಂ.ದೊಡ್ಡಿ

ಭತ್ತದ ನಾಟಿ ಹೊತ್ತಿಗೆ ಒಂದು ಅಡಿ ತೋಡಿದರೆ ನೀರು.

ವಸುಧಾ, ಸರಸ್ವತಿಪುರಂ

ಹಾಗಾದರೆ ಮುಳುಗಿದ ತೂಕ ಹಿಡಿಯಿರಿ. ನೀರು ನೆಲಮಟ್ಟಕ್ಕೆ ಬಂತು ಅಂದುಕೊಂಡರೆ ಕಾಂಕ್ರೀಟ್ 25 ಅಲ್ಲ, 15. ಮಣ್ಣು 18 ಅಲ್ಲ, ಹೆಚ್ಚುಕಮ್ಮಿ 9. ನಿಮ್ಮ 20.6 ಈಗ 11.2 ಆಗುತ್ತೆ, ಅದರ 0.9 ಅಂದರೆ 10. ಸಾಲಲ್ಲ. ಅದೇ ಆಳಕ್ಕೆ 1.3 ಮೀಟರ್ ಚೌಕ ಮಾಡಿದರೆ ಸುಮಾರು 18.6, ಅದರ 0.9 ಅಂದರೆ 16.7. ಸರಿಹೋಗುತ್ತೆ.

ಮಣ್ಣು ತುಂಬುವಾಗ ಪದರ ಪದರವಾಗಿ ದಮ್ಮಸು ಮಾಡಿಸಿ. ಸುಮ್ನೆ ತಳ್ಳಿ ಮುಚ್ಚಿದ ಮಣ್ಣಿಗೆ 18 ಬರಲ್ಲ.

ನಂಜುಂಡಸ್ವಾಮಿ, ಮದ್ದೂರು

ಇದು ಅತಿ ಆಯ್ತು ಮೇಡಂ. ನಮ್ಮಲ್ಲಿ ಶೀಟು ಹಾರಿಸೋ ಗಾಳಿ ಬರೋದು ಏಪ್ರಿಲ್, ಮೇನಲ್ಲಿ. ಆಗ ನಾಲೆ ಒಣಗಿರುತ್ತೆ. ಗದ್ದೆ ತುಂಬ ನೀರಿರೋ ಹೊತ್ತಿಗೆ ಆ ಗಾಳಿ ಇರಲ್ಲ. ಎರಡನ್ನೂ ಒಟ್ಟಿಗೆ ಹಿಡಿದು ರೈತನ ಕೈಲಿ ಕಾಂಕ್ರೀಟ್ ದುಡ್ಡು ಯಾಕೆ ಹಾಕಿಸ್ತೀರಿ? ಭೂಕಂಪದ ಜೊತೆ ಗಾಳಿ ಬೇಡ ಅಂತ ನೀವೇ ಹೇಳಿದ್ರಿ.

ವಸುಧಾ, ಸರಸ್ವತಿಪುರಂ

ನಿಮ್ಮ ಮಾತಿನಲ್ಲಿ ಅರ್ಥ ಇದೆ. ಆದರೆ ಗಾಳಿ, ಭೂಕಂಪ ಎರಡೂ ಗಳಿಗೆಯ ವಿಷಯ. ನೆಲದ ನೀರು ತಿಂಗಳುಗಟ್ಟಲೆ ನಿಂತಿರುತ್ತೆ. ಬೇಸಿಗೆ ಬೆಳೆಗೆ ನೀರು ಬಿಟ್ಟ ವರ್ಷ ಮೇ ತಿಂಗಳಲ್ಲೂ ಗದ್ದೆ ತೇವ ಇರುತ್ತೆ. ನಾನಾದರೆ ಮುಳುಗಿದ ತೂಕವೇ ಹಿಡೀತೀನಿ. ಒಂದು ಅಡಿ ಕೆಳಗೆ ನೀರು ಅಂತ ಹಿಡಿದು ಸ್ವಲ್ಪ ಚಿಕ್ಕ ಫುಟಿಂಗ್ ಕೊಡೋರೂ ಇದ್ದಾರೆ, ಅದನ್ನ ತಪ್ಪು ಅನ್ನಲ್ಲ.

ಅಕ್ಷತಾ, 20.1 ಇಡೀ ಕಟ್ಟಡ ಉರುಳದ ಹಾಗೆ ನೋಡುವ ಕಲಮು. ಅಲ್ಲಿನ 1.4 ಹಾಕಿದರೆ ಈ ಪಾಯಕ್ಕೆ 14.4 ಬರುತ್ತೆ, ಕೋಷ್ಟಕದ 1.5ಗೆ 15.5. ನಾನು ಬೋಲ್ಟಿಗೂ ಪಾಯಕ್ಕೂ ಒಂದೇ ಸಂಖ್ಯೆ ಇರಲಿ ಅಂತ 1.5 ಬಳಸ್ತೀನಿ. ಕಬ್ಬಿಣದ ಕಂಬಕ್ಕೆ ಐಎಸ್ 800 ಕೂಡ 0.9, 1.5 ಅಂತಲೇ ಹೇಳುತ್ತೆ.

ಅಕ್ಷತಾ, ಕುವೆಂಪುನಗರ

ನಮ್ಮ ಗೈಡ್ ಸ್ಟೆಬಿಲಿಟಿಗೆ 1.4 ಸಾಕು, 1.5 ಮೆಂಬರ್ ಡಿಸೈನ್‌ಗೆ ಮಾತ್ರ ಅಂತಾರೆ. ನನಗೆ ಅವರ ವಾದವೂ ಸರಿ ಅನ್ನಿಸುತ್ತೆ.

ರವಿ, ಪಾಂಡವಪುರ

ಚೀಲ ಇಳಿಸಿದೆ. ಸ್ಕ್ರೂ ತೂತು ನೋಡಿದೆ, ಅಂಚಿನ ಸಾಲಿನಲ್ಲಿ ಐದಾರು ಕಡೆ ಸೀಳಿದೆ. ಶೀಟು ಬದಲಾಯಿಸಬೇಕಾ, ಪಕ್ಕದಲ್ಲಿ ಹೊಸ ತೂತು ಕೊರೆದರೆ ನಡೆಯುತ್ತಾ?

ಪುನೀತ್, ಕೆ.ಎಂ.ದೊಡ್ಡಿ

ರವಿ ಅಣ್ಣ, ಸೀಳಿದ ಶೀಟು ಅಂಚಿಗೆ ಬೇಡ ಅನ್ನಿಸುತ್ತೆ, ಮೇಡಂ ಏನಂತಾರೋ ನೋಡೋಣ.

ಮೇಡಂ, ಓನರ್‌ಗೆ 1.3 ಮೀಟರ್ ಅಂದೆ, "ಬೆಲ್ಲ ಇಡೋಕೆ ಅರಮನೆ ಪಾಯನಾ" ಅಂದ್ರು. ಇನ್ನೊಂದು ವಿಷಯ, ಲೋಡಿಂಗ್ ಇರೋ ದಿನ ಶಟರ್ ಪೂರ್ತಿ ತೆರೆದೇ ಇರುತ್ತಂತೆ. ಒಳಗಿನ 0.5 ಆಗಲೂ ಸರಿ ಇರುತ್ತಾ?

ವಸುಧಾ, ಸರಸ್ವತಿಪುರಂ

ಇರಲ್ಲ. ತೆರೆದ ಜಾಗ ಆ ಗೋಡೆಯಲ್ಲಿ ಶೇ. 20 ದಾಟಿದರೆ 0.7ಕ್ಕೆ ಹೋಗಿ. ಕಂಬಕ್ಕೆ ಇನ್ನೂ 1.6 ಸೇರುತ್ತೆ, 1.5 ಹಾಕಿದ ಮೇಲೆ 15.5 ಹೋಗಿ 17.9 ಆಗುತ್ತೆ. ಆಗ 1.3 ಮೀಟರ್ ಕೂಡ ಮುಳುಗಿದ ನೆಲಕ್ಕೆ ಸಾಲಲ್ಲ. ಓನರ್ ಹತ್ತಿರ ಹೋಗೋ ಮುಂಚೆ ಶಟರ್ ಅಳತೆ ಕಳಿಸಿ. ಅಗಲ ಜಾಸ್ತಿ ಮಾಡೋ ಬದಲು ಕಂಬದಿಂದ ಕಂಬಕ್ಕೆ ಪ್ಲಿಂತ್ ಬೀಮ್ ಕಟ್ಟಿ ಅದರ ತೂಕ ಸೇರಿಸಿಕೊಳ್ಳಬಹುದು, ಬೀಮಿನ ಕಬ್ಬಿಣ ಗಿಡ್ಡ ಕಂಬದ ಒಳಗೆ ಹೋಗಿರಬೇಕು ಅಷ್ಟೇ.

ರವಿಯವರೇ, ಅಂಚಿನ ಶೀಟು ಬದಲಾಯಿಸಿ. ಸೀಳಿದ ಶೀಟನ್ನ ಮಧ್ಯಕ್ಕೆ ಹಾಕೋದೂ ಬೇಡ.